ಹಲ್ಲಕ್ಕ ಡಾಕ್ಟರಿಗೆ ಬರೆದದ್ದು

ಆಕೆಗೆ ಒಂದು ಒಳ್ಳೆಯ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಅದು ಈಗಲೂ ಇದೆ. ಆದರೆ ಹಲ್ಲಿನ ಕ್ಯಾಪು, ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಲ್ಲಕ್ಕ ಎಂದೇ. ಹಾಗೆ ಹೆಸರಿಟ್ಟವರು ಡಾಕ್ಟರು. ಊರಿನಲ್ಲಿ ಹಲ್ಲಿನ ಡಾಕ್ಟರುಗಳಿಗೇನೂ ಬರವಿಲ್ಲ, ಆದರೆ ಹಲ್ಲಕ್ಕನ ಬಾಯಲ್ಲಿ 'ಡಾಕ್ಟರು' ಅಂದರೆ ಹತ್ತೊಂಬತ್ತು ವರ್ಷಗಳಿಂದ ತಮ್ಮ ಕೆಲಸವನ್ನೆಲ್ಲ ಈ ಲ್ಯಾಬಿಗೇ ಕಳಿಸುತ್ತಿದ್ದ ಒಬ್ಬರೇ.

ಇಷ್ಟು ವರ್ಷಗಳಲ್ಲಿ ಇಬ್ಬರೂ ಎದುರೆದುರು ಕೂತದ್ದು ನಾಲ್ಕು ಸಲವೋ ಐದು ಸಲವೋ. ಉಳಿದ ಸ್ನೇಹವೆಲ್ಲ ಬರವಣಿಗೆಯಲ್ಲೇ ಬೆಳೆದದ್ದು. ಡಾಕ್ಟರು ರೋಗಿಯ ಹಲ್ಲಿನ ಅಚ್ಚು ತೆಗೆದು ಡಬ್ಬದಲ್ಲಿಟ್ಟು ಕಳಿಸುವರು. ಹಲ್ಲಕ್ಕ ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಕ್ಯಾಪು ಎಲ್ಲಿ ಬಂದು ಕೂರಬೇಕೋ ಆ ಅಂಚಿನ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವಳು. ಅಚ್ಚು ಕೆಟ್ಟಿದ್ದರೆ ಡಬ್ಬದೊಳಗೆ ಒಂದು ಚೀಟಿ. 'ಡಾಕ್ಟ್ರೇ, ಅಚ್ಚು ತೆಗೆಯುವಾಗ ಪೇಷಂಟು ಎದ್ದು ಓಡ್ತಿದ್ರಾ?' ಡಾಕ್ಟರು ಅದೇ ಚೀಟಿಯ ಬೆನ್ನಿಗೆ 'ಓಡ್ತಿದ್ದದ್ದು ನಾನು, ಅವರು ಕಚ್ಚೋಕೆ ಬಂದ್ರು' ಎಂದು ಬರೆದು ಹೊಸ ಅಚ್ಚು ಕಳಿಸುವರು. ಚೀಟಿ ಹೋಗಿ ಮೊಬೈಲ್ ಬಂದ ಮೇಲೂ ಧಾಟಿ ಬದಲಾಗಲಿಲ್ಲ. ಡಾಕ್ಟರ ಮಗಳ ಪರೀಕ್ಷೆ, ಹಲ್ಲಕ್ಕನ ಮಂಡಿನೋವು, ಮೇಲಿನ ದವಡೆಯ ಮುಂದಿನ ಹಲ್ಲಿನ ಬಣ್ಣ, ಎಲ್ಲ ಒಂದೇ ಸಂದೇಶದಲ್ಲಿ ಹೋಗುತ್ತಿತ್ತು.

ಕಳೆದ ವರ್ಷ ಡಾಕ್ಟರು ತಮ್ಮ ಪುಟ್ಟ ಕ್ಲಿನಿಕ್ಕನ್ನು ಮುಚ್ಚಿ ಇನ್ನೂ ಮೂವರ ಜೊತೆ ಸೇರಿ ದೊಡ್ಡ ಆಸ್ಪತ್ರೆ ಮಾಡಿದರು. ಅಲ್ಲಿ ಲ್ಯಾಬಿನ ಸಂದೇಶ ಯಾರ ಮೊಬೈಲಿಗೂ ಬರುವುದಿಲ್ಲ, ಕಂಪ್ಯೂಟರಿಗೆ ಬಂದು ನೇರ ರೋಗಿಯ ಫೈಲಿಗೆ ಸೇರುತ್ತದೆ. ಇದು ಹಲ್ಲಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಹಳೆಯ ಚಾಳಿ ಬಿಡಲಿಲ್ಲ. 'ಈ ಅಮ್ಮನವರು ಅಚ್ಚು ಕಚ್ಚಿಕೊಂಡೂ ಮಾತು ನಿಲ್ಲಿಸಿದ ಹಾಗಿಲ್ಲವಲ್ಲ' ಎಂದು ಒಂದು ದಿನ ಬರೆದಳು. ಆ ಅಮ್ಮನವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಫೈಲಿನ ಪ್ರತಿ ಕೇಳಿ ತೆಗೆದುಕೊಂಡರು, ಕೂತು ಓದಿದರು, ಎರಡು ಪುಟದ ದೂರು ಬರೆದರು. ಮಾತಿನ ವಿಷಯದಲ್ಲಿ ಹಲ್ಲಕ್ಕನ ಊಹೆ ನಿಜವೇ ಇರಬಹುದು. ಆದರೆ ಹಲ್ಲು ಸರಿಮಾಡಿಸಿಕೊಳ್ಳಲು ಬಾಯಿ ತೆರೆದು ಕೂತ ಹೆಂಗಸು ನಗೆಯ ಸರಕಲ್ಲ. ತಪ್ಪು ಹಲ್ಲಕ್ಕನದೇ, ಅವಳೂ ಒಪ್ಪಿಕೊಂಡಳು, ಕ್ಷಮೆ ಕೇಳಿ ಬರೆದಳು.

ಆಸ್ಪತ್ರೆಯವರು ಅಷ್ಟಕ್ಕೆ ಬಿಡಲಿಲ್ಲ. ಭಾಷೆ ಸರಿಹೋಗದಿದ್ದರೆ ಬೇರೆ ಲ್ಯಾಬ್ ನೋಡಿಕೊಳ್ಳುತ್ತೇವೆ ಎಂದು ಪತ್ರ ಬಂತು. ಪತ್ರ ಬಿದ್ದದ್ದು ಅಳಿಯ ಸಾಹೇಬರ ಕೈಗೆ. ಅಳಿಯ ಅಂದರೆ ಯಜಮಾನರ ಅಳಿಯ. ಆರು ತಿಂಗಳ ಹಿಂದೆ ಬಂದು ಮ್ಯಾನೇಜರ್ ಕುರ್ಚಿಯಲ್ಲಿ ಕೂತವನು. ಕೆಟ್ಟವನಲ್ಲ, ಆದರೆ ಹೆದರುಪುಕ್ಕ, ಮತ್ತು ಹೆದರಿದಾಗೆಲ್ಲ ನಿಯಮ ಮಾಡುವ ಜಾತಿ. ಮರುದಿನವೇ ಎಂಟು ವಾಕ್ಯಗಳ ಹಾಳೆಯೊಂದನ್ನು ಹಲ್ಲಕ್ಕನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ.

"ಇನ್ಮೇಲೆ ಇವಿಷ್ಟರಲ್ಲೇ ಯಾವುದಾದ್ರೂ ಒಂದು ಕಳಿಸಿ, ಮೇಡಂ. ಒಂದಕ್ಷರ ಹೆಚ್ಚು ಬೇಡ."

"ಹತ್ತೊಂಬತ್ತು ವರ್ಷದ ಪರಿಚಯದವರಿಗೂ ಇದೇನಾ?"

"ಪರಿಚಯದವರಿಗೇ ಮುಖ್ಯವಾಗಿ. ತೊಂದರೆ ಆಗಿದ್ದೇ ಅಲ್ಲಿ."

ಹಲ್ಲಕ್ಕನಿಗೆ ಉರಿಯಿತು. ಕ್ಷಮೆ ಕೇಳಿದ್ದು ಒಂದು ತಪ್ಪಿಗೆ, ಹತ್ತೊಂಬತ್ತು ವರ್ಷಕ್ಕಲ್ಲ. ಆಯಿತು, ನಿಮ್ಮ ವಾಕ್ಯವೇ ಬೇಕೋ, ಅದನ್ನೇ ತಗೊಳ್ಳಿ ಎಂದು ಹಟಕ್ಕೆ ಬಿದ್ದಳು. ಆ ವಾರ ಡಾಕ್ಟರಿಂದ ಒಬ್ಬ ಬಸ್ ಡ್ರೈವರನ ಅಚ್ಚು ಬಂತು. ಕೆಳದವಡೆಯ ಬಲಗಡೆಯ ಹಿಂದಿನ ಹಲ್ಲು, ನಾಲಿಗೆಯ ಬದಿಯ ಅಂಚು ಮಸುಕು. ಹಲ್ಲಕ್ಕ ಹಾಳೆ ನೋಡಿ ಮೂರನೆಯ ವಾಕ್ಯವನ್ನು ಕಳಿಸಿದಳು. 'ಅಚ್ಚು ಸ್ವೀಕಾರಾರ್ಹವಲ್ಲ. ದಯವಿಟ್ಟು ಪುನಃ ಕಳುಹಿಸಿ.' ಹೆಸರಿಲ್ಲ, ನಮಸ್ಕಾರವಿಲ್ಲ. ಕಳಿಸಿದಾಗ ಒಂದು ಗಳಿಗೆ ಖುಷಿಯೂ ಆಯಿತು.

ಅತ್ತ ಕಡೆಯಿಂದ 'ಗಮನಿಸಲಾಗಿದೆ' ಎಂದು ಒಂದೇ ಪದ ಬಂತು. ಡಾಕ್ಟರು ಅವಳಿಗೆ ಹಾಗೆ ಬರೆದದ್ದು ಅದೇ ಮೊದಲು. ಹಲ್ಲಕ್ಕನ ಎದೆಗೆ ಅದು ನಾಟಿತು. ಅವತ್ತು ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಮನೆಗೆ ಹೋಯಿತು.

ನಾಲ್ಕು ದಿನ ಬಿಟ್ಟು ಡ್ರೈವರನ ಎರಡನೆಯ ಅಚ್ಚು ಬಂತು. ಅದೇ ಹಲ್ಲು, ಅದೇ ಬದಿ, ಅದೇ ಮಸುಕು. ಹಲ್ಲಕ್ಕ ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಎಲ್ಲಿ ಕೆಟ್ಟಿದೆ ಎಂದು ಅವಳು ಹೇಳಿರಲೇ ಇಲ್ಲ, ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಅವಳ ಹಟಕ್ಕೆ ಪಾಪ ಆ ಡ್ರೈವರು ಇನ್ನೊಂದು ಸಲ ಬಾಯಿ ತೆರೆದು ಕೂತಿದ್ದ. ಆದರೆ ಅಷ್ಟೇ ಅಲ್ಲ. ಇಷ್ಟು ಕೆಟ್ಟ ಅಂಚು ಅಚ್ಚಿನಲ್ಲಿ ಡಾಕ್ಟರಿಗೇ ಕಾಣಬೇಕಿತ್ತು. ಈ ಆರೇಳು ತಿಂಗಳಲ್ಲಿ ಬಂದ ಬೇರೆ ಅಚ್ಚುಗಳನ್ನು ಅವಳು ನೆನಪು ಮಾಡಿಕೊಂಡಳು. ಓಡಿದ ಪೇಷಂಟು, ಕಚ್ಚಿದ ಪೇಷಂಟು ಎಂದು ತಾನು ನಗಾಡಿ ಕಳಿಸಿದ್ದೆಲ್ಲ ಹಿಂದಿನ ಹಲ್ಲುಗಳೇ. ತಮಾಷೆಯ ಭರದಲ್ಲಿ ತನಗೂ ಕಂಡಿರಲಿಲ್ಲ, ಅವರಿಗೂ ಕಂಡಿರಲಿಲ್ಲ. ಈಗ ಕಂಡಿತು.

ಮಧ್ಯಾಹ್ನದ ಬಿಡುವಿನಲ್ಲಿ ಹಿತ್ತಲ ಬಾಗಿಲಲ್ಲಿ ನಿಂತು ಡಾಕ್ಟರಿಗೆ ಫೋನ್ ಮಾಡಿದಳು.

"ಕೋಪ ಇಳೀತಾ ಹಲ್ಲಕ್ಕ? ನಾನೇನು ತಪ್ಪು ಮಾಡ್ದೆ ಅಂತ ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡಿದೀನಿ" ಎಂದರು ಡಾಕ್ಟರು.

"ಕೋಪ ನಿಮ್ಮ ಮೇಲಲ್ಲ, ಡಾಕ್ಟ್ರೇ. ಹಾಗೆ ಬರ್ದಿದ್ದು ನನ್ನ ತಪ್ಪು. ಒಂದು ಕೇಳ್ತೀನಿ, ನಿಜ ಹೇಳಿ. ಕಣ್ಣು ಹೇಗಿದೆ?"

ಡಾಕ್ಟರು ದನಿ ತಗ್ಗಿಸಿ, "ಎಡಗಣ್ಣಲ್ಲಿ ಪೊರೆ ಬಂದಿದೆ. ಆಪರೇಷನ್ ಮುಂದಕ್ಕೆ ಹಾಕ್ತಾ ಬಂದೆ. ಇಲ್ಲಿ ಯಾರಿಗೂ ಹೇಳಿಲ್ಲ" ಎಂದರು.

"ಡ್ರೈವರ್ ಅಚ್ಚು ಮತ್ತೆ ಕೆಟ್ಟಿದೆ."

"ಅಯ್ಯೋ. ನೋಡಿ, ಅಚ್ಚು ಸರಿಯಿಲ್ಲ ಅಂತ ಇನ್ನೊಂದು ಸಲ ಫೈಲಿಗೆ ಬಿದ್ರೆ ಪಾರ್ಟ್ನರುಗಳು ಕೇಳ್ತಾರೆ. ಹಳೇ ಥರ ಏನಾದ್ರೂ ತಮಾಷೆ ಬರೆದುಬಿಡಿ. ಪೇಷಂಟು ಅಲ್ಲಾಡಿದ್ರು ಅಂತ. ನಮ್ಮ ನಡುವೆ ಅದು ಹೊಸದೇನಲ್ವಲ್ಲ."

ಹಲ್ಲಕ್ಕ ಬಾಗಿಲಿಗೆ ಒರಗಿಕೊಂಡಳು. ಇವರಿಗಾಗಿ ಅವಳು ಯಾವ ಕೆಲಸವನ್ನಾದರೂ ಮಾಡುತ್ತಿದ್ದಳು. ಗಂಡ ತೀರಿಕೊಂಡಾಗ ಲ್ಯಾಬಿನವರು ಹಾರ ಕಳಿಸಿದ್ದರು, ಇವರು ತಿಂಗಳಿಡೀ ಪ್ರತಿ ಡಬ್ಬದಲ್ಲೂ ನಾಲ್ಕು ಸಾಲು ಬರೆದು ಕಳಿಸಿದ್ದರು. ಈಗ ಕೇಳುತ್ತಿರುವುದು ಒಂದು ಸಾಲು, ಒಂದು ಸುಳ್ಳು ತಮಾಷೆ.

"ಬರೆಯಲ್ಲ, ಡಾಕ್ಟ್ರೇ" ಎಂದಳು. "ಮಾಡದ ತಪ್ಪನ್ನ ಆ ಡ್ರೈವರ್ ತಲೆ ಮೇಲೆ ಹಾಕಲ್ಲ. ನಿಮ್ಮ ಮರ್ಯಾದೆ ತೆಗೆಯೋ ಹಾಗೂ ಬರೆಯಲ್ಲ. ಕಣ್ಣಿನ ವಿಷಯ ನಿಮ್ಮದು, ನಾನು ಎತ್ತಲ್ಲ. ಆದರೆ ಆಪರೇಷನ್ ನೀವು ಮಾಡಿಸ್ಕೊಳ್ಳಲೇಬೇಕು. ಬೈದುಕೊಳ್ಳಿ ಬೇಕಾದ್ರೆ."

ಡಾಕ್ಟರು ಬೈಯಲಿಲ್ಲ. ಫೋನ್ ಇಟ್ಟುಬಿಟ್ಟರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಒಳಗೆ ಬಂದು ಕಂಪ್ಯೂಟರ್ ಮುಂದೆ ಕೂತಳು. ಬರೆದಳು, ಅಳಿಸಿದಳು. 'ಹೇಗಿದ್ದೀರಿ, ಮಂಡಿ ನೋಯ್ತಿದೆ' ಎಂದು ಬೆರಳು ತಾನಾಗಿ ಹೊರಟಿತು, ಅದನ್ನು ತೆಗೆದಳು. ಅದು ಫೋನಿಗೆ ಸೇರಿದ್ದು, ಡ್ರೈವರನ ಫೈಲಿನಲ್ಲಿ ಅವಳ ಮಂಡಿಗೇನು ಕೆಲಸ? 'ನಿಮಗೆ ಗೊತ್ತೇ ಇದೆಯಲ್ಲ' ಎಂದು ಬರೆದಳು, ಅದನ್ನೂ ತೆಗೆದಳು. ಡಾಕ್ಟರಿಗೆ ಗೊತ್ತಿರಬಹುದು, ನಾಳೆ ಈ ಫೈಲು ತೆರೆಯುವ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಡ್ರೈವರನೇ ಪಕ್ಕದಲ್ಲಿ ನಿಂತು ಓದುತ್ತಿದ್ದಾನೆ ಎಂದುಕೊಂಡು ಮತ್ತೆ ಮೊದಲಿಂದ ಬರೆದಳು. ಮುಕ್ಕಾಲು ಗಂಟೆ ಹಿಡಿಯಿತು. ಬೇರೆ ದಿನವಾದರೆ ಅಷ್ಟು ಹೊತ್ತಿನಲ್ಲಿ ಅವಳು ಎರಡು ಕ್ಯಾಪಿನ ಮೇಣದ ಮಾದರಿ ಮುಗಿಸುತ್ತಿದ್ದಳು.

'ಡಾಕ್ಟರೇ, ನಮಸ್ಕಾರ. ಎರಡನೆಯ ಅಚ್ಚು ಇಷ್ಟು ಬೇಗ ಕಳಿಸಿದ್ದಕ್ಕೆ ವಂದನೆಗಳು. ಕೆಳದವಡೆ, ಬಲಗಡೆ, ಹಿಂದಿನ ಹಲ್ಲು: ನಾಲಿಗೆಯ ಬದಿಯ ಅಂಚು ಸುಮಾರು ಎರಡು ಮಿಲಿಮೀಟರ್ ಉದ್ದಕ್ಕೆ ಸ್ಪಷ್ಟವಾಗಿಲ್ಲ. ಮೊದಲ ಅಚ್ಚಿನಲ್ಲೂ ಇದೇ ಜಾಗ. ಆಗ ನಾನು ಜಾಗ ತಿಳಿಸದೆ ಬರೆದೆ, ಕ್ಷಮಿಸಿ. ಉಳಿದ ಅಂಚೆಲ್ಲ ಚೆನ್ನಾಗಿ ಬಂದಿದೆ. ಗುರುತು ಮಾಡಿದ ಫೋಟೋ ಜೊತೆಗಿದೆ. ಕಾಣದ ಅಂಚನ್ನು ಊಹಿಸಿ ಗೆರೆ ಎಳೆಯಬಾರದು ಎಂದು ನನಗೆ ಹೇಳಿಕೊಟ್ಟವರು ನೀವೇ. ಅದನ್ನು ಈಗ ಮೀರಲಾರೆ. ಬುಧವಾರದೊಳಗೆ ಹೊಸ ಅಚ್ಚು ಬಂದರೆ ಮುಂದಿನ ಸೋಮವಾರ ಕ್ಯಾಪು ತಲುಪಿಸುವುದು ನನ್ನ ಜವಾಬ್ದಾರಿ. ಹತ್ತೊಂಬತ್ತು ವರ್ಷಗಳಿಂದ ನಿಮ್ಮ ಕೆಲಸ ಮಾಡುತ್ತಿರುವುದು ನನಗೆ ಹೆಮ್ಮೆ.' ಕೊನೆಗೆ ತನ್ನ ಪೂರ್ತಿ ಹೆಸರು.

ಅಳಿಯ ಹಿಂದೆ ಬಂದು ನಿಂತು ಓದಿದ. "ಇದು ಹಾಳೆಯಲ್ಲಿಲ್ಲ."

"ಇಲ್ಲ."

"ಜಾಗ, ಫೋಟೋ, ದಿನ ಎಲ್ಲ ಸರಿ. 'ಹೇಳಿಕೊಟ್ಟವರು ನೀವೇ', 'ಹೆಮ್ಮೆ', ಇವೆರಡು ತೆಗೀರಿ. ಆಫೀಸ್ ಪತ್ರದಲ್ಲಿ ಹೆಮ್ಮೆ ಯಾಕೆ?"

"ಅದರಲ್ಲಿ ಸುಳ್ಳೇನಾದ್ರೂ ಇದೆಯಾ?"

"ಇಲ್ಲ, ಆದರೆ..."

"ಯಾರಿಗಾದ್ರೂ ಅವಮಾನ? ಆ ಡ್ರೈವರ್ ಓದಿದ್ರೆ ನೊಂದ್ಕೋತಾನಾ? ಹೆಡ್‌ಮಿಸ್ಟ್ರೆಸ್ ಓದಿದ್ರೆ ಕೆಂಪು ಶಾಯಿ ಹಾಕ್ತಾರಾ?"

"ಮೇಡಂ, ಅವರು ಲ್ಯಾಬ್ ಬದಲಾಯಿಸಿದ್ರೆ ನಾನು ಮಾವನಿಗೆ ಏನು ಹೇಳಲಿ?"

"ನನ್ನ ಹೆಸರು ಹೇಳಿ. ಅದಕ್ಕೇ ಪೂರ್ತಿ ಬರ್ದಿದೀನಿ." ಹಲ್ಲಕ್ಕ ಕುರ್ಚಿ ತಿರುಗಿಸಿದಳು. "ಕೇಳಿ, ಅಳಿಯಂದಿರೇ. ಒಬ್ಬ ಮನುಷ್ಯನಿಗೆ ನಿಮ್ಮ ಕೆಲಸ ಸರಿಯಿಲ್ಲ ಅಂತ ನಾನು ಹೇಳ್ತಾ ಇದೀನಿ, ನಾಲ್ಕು ಜನರ ಎದುರಿಗೆ. ಅವರು ನನಗೆ ಏನು ಕಲಿಸಿದ್ರು ಅನ್ನೋದನ್ನೂ ಅದೇ ನಾಲ್ಕು ಜನರ ಎದುರಿಗೆ ಹೇಳ್ತೀನಿ. ಒಂದನ್ನ ತೆಗೆದ್ರೆ ಇನ್ನೊಂದನ್ನೂ ಕಳಿಸಲ್ಲ. ಬೇಕಾದ್ರೆ ಇವತ್ತೇ ಲೆಕ್ಕ ಮುಗಿಸಿ."

ಹಾಗೆಂದು ಅವನ ಎದುರೇ ಗುಂಡಿ ಒತ್ತಿದಳು. ಅಳಿಯ ಯಜಮಾನರಿಗೆ ಫೋನ್ ಮಾಡಲು ಹೋದ. ಹಲ್ಲಕ್ಕನಿಗೆ ಅದರ ಚಿಂತೆಯಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಫೋನ್ ಇಟ್ಟುಬಿಟ್ಟ ಆ ಮನುಷ್ಯ ಇನ್ನು ಮುಂದೆ 'ಗಮನಿಸಲಾಗಿದೆ' ಎಂದಷ್ಟೇ ಬರೆಯುತ್ತ ಹೋದರೆ ಅದನ್ನು ಹೇಗೆ ತಡೆದುಕೊಳ್ಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯ ಉತ್ತರ ಬರಲಿ, ಆಮೇಲೆ ನೋಡೋಣ ಎಂದರಂತೆ ಯಜಮಾನರು. ಮಂಗಳವಾರ ಉತ್ತರವಿಲ್ಲ. ಬುಧವಾರ ಹತ್ತು ಗಂಟೆಗೆ ಡಬ್ಬ ಬಂತು. ಅಚ್ಚು ತೆಗೆದು ಬೆಳಕಿಗೆ ಹಿಡಿದಳು. ನಾಲಿಗೆಯ ಬದಿಯೂ ಸೇರಿ ಅಂಚು ಸುತ್ತಲೂ ಚೊಕ್ಕಟವಾಗಿತ್ತು, ಆದರೆ ಅದು ಡಾಕ್ಟರ ಕೈಯ ಕೆಲಸವಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಆ ಹೊತ್ತಿಗೇ ಕಂಪ್ಯೂಟರಿನಲ್ಲಿ ಸಂದೇಶ ಕಾಣಿಸಿತು. ಡ್ರೈವರನ ಫೈಲಿನಲ್ಲೇ, ಎಲ್ಲರೂ ಓದುವ ಜಾಗದಲ್ಲೇ ಬರೆದಿದ್ದರು.

'ನಮಸ್ಕಾರ ಹಲ್ಲಕ್ಕ. ನೀವು ತೋರಿಸಿದ ಜಾಗ ಸರಿಯಾಗಿತ್ತು. ನನ್ನ ಎಡಗಣ್ಣಿನಲ್ಲಿ ಪೊರೆಯಿದೆ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಈ ವಿಷಯ ನನ್ನ ಸಹೋದ್ಯೋಗಿಗಳಿಗೂ ರೋಗಿಗೂ ನಾನೇ ತಿಳಿಸಿದ್ದೇನೆ. ಅಲ್ಲಿಯವರೆಗೆ ಅಚ್ಚು ತೆಗೆಯುವವರು ನಮ್ಮ ಕಿರಿಯ ಡಾಕ್ಟರು, ಪಕ್ಕದಲ್ಲಿ ನಾನಿರುತ್ತೇನೆ. ಅವರ ಕೆಲಸದಲ್ಲೂ ತಪ್ಪು ಬಂದೀತು. ಬಂದಾಗ ನನಗೆ ಬರೆದ ಹಾಗೆಯೇ ಅವರಿಗೂ ಬರೆಯಿರಿ. ತಮ್ಮ ತಪ್ಪನ್ನು ಅವರು ಬೇರೆ ಯಾರಿಗಿಂತ ಮೊದಲು ನಿಮ್ಮಿಂದಲೇ ಕೇಳಲಿ ಎಂಬುದು ನನ್ನ ಆಸೆ.'

ಹಲ್ಲಕ್ಕ ಅತ್ತಳು, ಕೆಲಸದ ಜಾಗ ಎಂದು ಮರೆಮಾಚಲೂ ಇಲ್ಲ. ಏನಾಯಿತು ಎಂದು ಅಳಿಯ ಗಾಬರಿಯಿಂದ ಓಡಿ ಬಂದ. "ಏನಿಲ್ಲ, ಕೆಲಸ ಬಂದಿದೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೂ ಮುಖ ನೋಡಿರದ ಆ ಕಿರಿಯ ಡಾಕ್ಟರಿಗೆ, ಅಂಚು ಎಷ್ಟು ಚೆನ್ನಾಗಿ ಬಂದಿದೆ ಎಂದು ಬರೆಯಲು ಕೂತಳು.