ಎರಡು ಬಣ್ಣದ ಬೆಳಕಿನಲ್ಲಿ ಕಪ್ಪು ಕೂದಲು

ಆಂಡರ್ಸನ್‌ಪೇಟೆಯ ನಮ್ಮ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವನು ನಾನು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವವಳು ನನ್ನ ಹೆಂಡತಿ. ಅವಳು ಬಂಗಾರಪೇಟೆಯ ತವರಿಗೆ ಹೋಗಿದ್ದ ಬೆಳಿಗ್ಗೆಯೇ ಊರಿನ ಆರ್ಕೆಸ್ಟ್ರಾದ ಹಿರಿಯ ಗಾಯಕಿಯೊಬ್ಬರು ಬಂದರು. ಇಷ್ಟು ವರ್ಷ ಅವರ ತಂಡದ ಬ್ಯಾನರಿನ ತುಂಬ ಗಂಡಸರ ಮುಖಗಳೇ ಇರುತ್ತಿದ್ದವು. ಈ ಸಲ ಮೊದಲ ಬಾರಿಗೆ ಇವರ ಫೋಟೋ ಹಾಕುವುದೆಂದು ತೀರ್ಮಾನವಾಗಿತ್ತು. ವೇದಿಕೆಯ ಬಣ್ಣದ ದೀಪಗಳಡಿ ಹಾಡುವಾಗ ನಾನೇ ತೆಗೆದದ್ದು, ಚೆನ್ನಾಗಿಯೇ ಬಂದಿತ್ತು. ಆದರೆ ಅಂದು ಸೊಸೆ ಹಚ್ಚಿದ ಡೈ ಅವರ ತಲೆಯನ್ನು ಬರ್ಗಂಡಿ ಕೆಂಪು ಮಾಡಿಟ್ಟಿತ್ತು.

"ಈ ಕೆಂಪು ತಲೆ ಊರೆಲ್ಲ ನೋಡೋದು ಬ್ಯಾಡ ಕಣಪ್ಪಾ. ಕರ್ರಗೆ ಮಾಡು. ಆಗ್ದಿದ್ರೆ ನನ್ ಫೋಟೋನೇ ತೆಗ್ದಾಕು ಅಂತ ಏಳ್ತೀನಿ" ಎಂದರು.

ಸಂಜೆಗೆ ಫ್ಲೆಕ್ಸ್ ಅಂಗಡಿಗೆ ಫೈಲು ಹೋಗಬೇಕಿತ್ತು. ಅದೇನು ಮಹಾ ಕೆಲಸ ಎಂದು ನಾನೇ ಕೂತೆ. ಕೂದಲನ್ನು ಪೂರ್ತಿ ಆಯ್ದು ಬಣ್ಣ ತೆಗೆದು ಕಪ್ಪು ಮಾಡಿದೆ. ಮಿನುಗುತ್ತಿದ್ದ ಎಳೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಮುಖದ ಮೇಲೆ ಗುಲಾಬಿ, ನೀಲಿ ಬೆಳಕು. ತಲೆಯ ಮೇಲೆ ಮಾತ್ರ ಏನೂ ಇಲ್ಲ.

"ಯಾರ್ದೋ ಟೋಪಿ ತಂದು ಮಡಗಿದ್ದೀಯಲ್ಲಪ್ಪಾ! ಓಗ್ಲಿ ಬಿಡು, ನನ್ ಫೋಟೋ ಬ್ಯಾಡ" ಎಂದು ಬ್ಯಾಗು ಹೆಗಲಿಗೇರಿಸಿದರು. ಕಾಫಿ ತರಿಸಿ ಹೇಗೋ ಕೂರಿಸಿಕೊಂಡೆ. ಮಧ್ಯಾಹ್ನದ ರೈಲಿಗೆ ಹೆಂಡತಿ ಬಂದಳು.

ನೋಡಿದವಳೇ ನಕ್ಕಳು. "ರೀ, ಬಣ್ಣ ಎಲ್ಲಾ ಕೂದ್ಲಿಂದಲ್ಲ. ಒಳಗಿನ ಕೆಂಪು ಡೈದು. ಮೇಲಿನ ಮಿಂಚು ಸ್ಟೇಜ್ ಲೈಟಿಂದು. ನೀವು ಲೈಟ್ನೂ ಅಳಿಸ್ಬಿಟ್ಟಿದೀರಿ."

ನನ್ನದನ್ನು ಅಳಿಸಿ ಮೂಲ ಫೋಟೋ ತೆರೆದಳು. ಮೊದಲು ಕೂದಲನ್ನು ಮುಟ್ಟಲೇ ಇಲ್ಲ. ಕೆನ್ನೆ ಮತ್ತು ಮೈಕಿನ ಹೊಳಪು ನೋಡಿ ಯಾವ ಬೆಳಕು ಎಲ್ಲಿಂದ ಬಿದ್ದಿದೆ ಎಂದು ತಿಳಿದುಕೊಂಡಳು. ಎಡಕ್ಕೆ ಗುಲಾಬಿ, ಬಲಕ್ಕೆ ನೀಲಿ. ಎರಡು ಕಡೆಯನ್ನೂ ಬೇರೆ ಬೇರೆಯಾಗಿ ಆಯ್ದು, ತೀರಾ ಹೊಳೆಯುವ ಎಳೆಗಳನ್ನು ಹಾಗೇ ಬಿಟ್ಟು, ಸಾಧಾರಣ ಬೆಳಕಿನ ಮತ್ತು ನೆರಳಿನ ಭಾಗದಲ್ಲಷ್ಟೇ ಕೆಂಪು ತಗ್ಗಿಸಿ ಕಪ್ಪಾಗಿಸಿದಳು. ಕಪ್ಪು ಕೂದಲಿಗೆ ಹೊಳಪಿನ ಪಟ್ಟಿ ಇಷ್ಟು ಅಗಲವಿರುವುದಿಲ್ಲವೆಂದು ಅದನ್ನು ಅಂಚಿನಲ್ಲಿ ಕಿರಿದು ಮಾಡಿದಳು. ಎರಡು ಬೆಳಕು ಸೇರುವ ನೆತ್ತಿಯಲ್ಲಿ ನೇರಳೆ ಛಾಯೆ ಉಳಿಸಿದಳು. ಅವಳ ಕೈಚಳಕ ಎಷ್ಟು ಸಲ ನೋಡಿದರೂ ನನಗೆ ಹೆಮ್ಮೆ, ಅಂದು ತುಸು ಹೊಟ್ಟೆಕಿಚ್ಚೂ ಆಯಿತು.

ಗಾಯಕಿ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಇದು ನಾನೇ ಕಣಮ್ಮಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾನರ್‌ನೋರಿಗೆ ಏಳು, ಮೂಲೇಲಿ ಆಕೋದ್ ಬ್ಯಾಡ. ನಡುವೆ ಆಕ್ಲಿ, ದೊಡ್ಡದಾಗಿ" ಎಂದರು.