ಅಟ್ಯಾಚ್‌ಮೆಂಟಿಗೆ ಹೋದ ಸಾಲು

ಸಾತಪುರದ ನಮ್ಮ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು ನಾನು. ಬ್ರೇಕ್ ಲಿವರಿನ ಒಂದು ಲಾಟ್‌ನಲ್ಲಿ ಬಿರುಕು ಕಂಡಿತು. ಆ ಲಿವರುಗಳನ್ನು ಗಾಡಿಗೆ ಜೋಡಿಸುವ ಚಿಕಲಠಾಣಾ ಘಟಕಕ್ಕೆ ಮೇಲ್ ಬರೆದೆ: ‘ಈ ಲಾಟ್ ಬಳಸಬೇಡಿ.’ ಕೆಳಗೆ ಲಾಟ್ ನಂಬರು. ಫೋಟೊ, ಅಳತೆಗಳೆಲ್ಲ ಅಟ್ಯಾಚ್‌ಮೆಂಟಿನಲ್ಲಿ.

ಕಳಿಸುವ ಮುನ್ನ ಅದನ್ನು ನೋಡಿದ ನಮ್ಮ ಮ್ಯಾನೇಜರ್ ಸಾಹೇಬರಿಗೆ ಅದು ಒರಟಾಗಿ ಕಂಡಿತಂತೆ! ಆ ಸಾಲನ್ನೂ ಅಟ್ಯಾಚ್‌ಮೆಂಟಿನ ರಿಪೋರ್ಟಿಗೆ ಸೇರಿಸಿ, ಮೇಲ್‌ನಲ್ಲಿ ‘ರಿಪೋರ್ಟ್ ಲಗತ್ತಿಸಿದೆ, ದಯವಿಟ್ಟು ಗಮನಿಸಿ’ ಎಂದಷ್ಟೇ ಉಳಿಸಿ ಕಳಿಸಿದರು.

ಮರುದಿನ ಬೇರೆ ಕೆಲಸಕ್ಕೆ ಚಿಕಲಠಾಣಾಕ್ಕೆ ಹೋದೆ. ಅದೇ ಲಾಟಿನ ಲಿವರುಗಳು ಒಂದರ ಹಿಂದೊಂದು ಗಾಡಿಗೆ ಕೂರುತ್ತಿದ್ದವು. “ನಿಲ್ಲಿಸ್ರೀ!” ಎಂದು ಕಿರುಚಿದೆ.

ಬೀದರ್ ಕಡೆಯ ಸೂಪರ್‌ವೈಸರ್ ಲೈನ್ ನಿಲ್ಲಿಸಿ ಬೆಪ್ಪಾಗಿ ನಿಂತರು. “ಮೇಲ್ ನೋಡೀನ್ರಿ ಮೇಡಂ. ರಿಪೋರ್ಟ್ ಅದ ಅಂತಿತ್ತು. ರಿಪೋರ್ಟ್ ನಾವು ಆಡಿಟ್ ಬಂದಾಗೇ ತೆಗಿತೀವ್ರಿ.”

ಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಗಾಬರಿ ಬೇಡ, ಈಗಲೇ ಸ್ಪಷ್ಟವಾಗಿ ಇನ್ನೊಂದು ಮೇಲ್ ಹಾಕುತ್ತೇನೆ” ಎಂದರು.

ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಮೊಬೈಲ್ ಸದ್ದು ಮಾಡಿತು. ಅವರು ಸಾಹೇಬರ ಹೊಸ ಮೇಲ್ ತೆರೆದು ನನ್ನ ಮುಂದೆ ಹಿಡಿದರು.

‘ರಿಪೋರ್ಟ್ ಲಗತ್ತಿಸಿದೆ, ದಯವಿಟ್ಟು ಗಮನಿಸಿ.’