ಮೊಣಕೈ ಮೇಲೆ, ಮೊಣಕೈ ಕೆಳಗೆ

ಚನ್ನಗಿರಿಯ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಅಗ್ಗದ ಮೋಟಾರುಗಳಿಂದ ನಾವು ಕಟ್ಟಿದ ಆರು ಕೀಲಿನ ರೋಬೋಟ್ ಕೈ ಒಂದು ಮಧ್ಯಾಹ್ನ ಮೊಣಕೈಯನ್ನು ಮೇಜಿಗೆ ಗುದ್ದಿಕೊಂಡು ದಾರಿ ತಪ್ಪಿತು. ಎತ್ತಬೇಕಿದ್ದ ಸೀಮೆಸುಣ್ಣದ ಬದಲು, ಬಗ್ಗಿ ನೋಡುತ್ತಿದ್ದ ನನ್ನ ಸೆರಗನ್ನೇ ಹಿಡಿದು ಗುರ್ ಎನ್ನುತ್ತಾ ನಿಂತಿತು. ಎಳೆದರೆ ಸೀರೆ ಹರಿಯುತ್ತದೆ. ನನ್ನ ಕೈಗೆ ಸಿಗುವಂತಿದ್ದದ್ದು ಲ್ಯಾಪ್‌ಟಾಪ್ ಒಂದೇ.

ಜಗಳೂರು ಕಡೆಯ ಲ್ಯಾಬ್ ಸಹಾಯಕಿ, ಕರೆಂಟ್ ತೆಗೆದರೆ ಹಿಡಿತ ಸಡಿಲುತ್ತದೆಂದು ಗೋಡೆಯ ಸ್ವಿಚ್ಚಿನತ್ತ ಓಡಿದರು.

“ಮುಟ್ಟಬೇಡ್ರಿ!” ಎಂದು ಗದರಿದೆ. ನಾನು ಬರೆದ ಪ್ರೋಗ್ರಾಂ ತಪ್ಪೆಂದು ಒಪ್ಪುವುದಕ್ಕಿಂತ ಸಿಕ್ಕಿಕೊಂಡಿರುವುದೇ ವಾಸಿ ಎನಿಸಿತ್ತು. ಭುಜದಿಂದ ಮಣಿಕಟ್ಟಿಗಿರುವ ದೂರ ಮತ್ತು ಮೇಲ್ದೋಳು, ಮುಂದೋಳುಗಳ ಉದ್ದ ಸೇರಿದ ತ್ರಿಕೋನದಿಂದ ಮೊಣಕೈಯ ಕೋನ ತೆಗೆದಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು.

“ಮೇಡಂ, ಮೊಣಕೈ ಕೆಳಗೆ ಬಿಟ್ರೆ ಮೇಜು ಅಡ್ಡ ಬರ್ತೈತ್ರಿ. ರೊಟ್ಟಿ ತಟ್ಟಾಕೆ ಕುಂತಾಗ ಎತ್ಕೊಳ್ಳಲ್ವೇನ್ರಿ?” ಎಂದು ಅವರು ತಮ್ಮ ಕೈಯಲ್ಲೇ ತೋರಿಸಿದರು.

ಹೌದು, ಕೋಸೈನ್ ಒಂದೇ ಆದರೂ ಕೋನ ಎರಡು, ಒಂದು ಧನ, ಒಂದು ಋಣ. ಒಂದರಲ್ಲಿ ಮೊಣಕೈ ಮೇಲೆ, ಇನ್ನೊಂದರಲ್ಲಿ ಕೆಳಗೆ; ಬೆರಳು ತಲುಪುವ ಜಾಗ ಮಾತ್ರ ಒಂದೇ. ಚಿಹ್ನೆ ಬದಲಿಸಿ ಓಡಿಸಿದೆ. ಮೊಣಕೈ ಚಂದವಾಗಿ ಮೇಲೆದ್ದಿತು, ನನ್ನ ಸೆರಗಿನ ಸಮೇತ. ಪ್ರೋಗ್ರಾಂನಲ್ಲಿ ಹಿಡಿ ಎಂದು ಬರೆದಿದ್ದೆ. ಬಿಡು ಎಂದು ಎಲ್ಲೂ ಬರೆದಿರಲಿಲ್ಲ.

“ಈಗ ಆಫ್ ಮಾಡ್ಲೇನ್ರಿ?” ಎಂದರು ಅವರು.